ಒಂದು ಫೋಟೋದ ತಲೆ, ಇನ್ನೊಂದು ಫೋಟೋದ ಮೈ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಸಣ್ಣ ಸ್ಟುಡಿಯೋ. ವಾರಕ್ಕೆ ಎರಡು ಮೂರಾದರೂ ಇಂಥ ಕೆಲಸ ಬರುತ್ತದೆ. ತೀರಿಕೊಂಡ ಅಜ್ಜನ ಒಳ್ಳೆಯ ಫೋಟೋ ಒಂದೂ ಇಲ್ಲ, ಮೊಮ್ಮಗ ಮೊಬೈಲಿನಲ್ಲಿ ತೆಗೆದ ಒಂದು ಮಾತ್ರ ಇದೆ, ಅದರಲ್ಲಿ ಅಜ್ಜ ಬನಿಯನ್ನಿನಲ್ಲಿದ್ದಾರೆ. ಪಂಚೆ, ಶಲ್ಯ ಹಾಕಿ ಕುರ್ಚಿ ಮೇಲೆ ಕೂತ ಹಾಗೆ ಮಾಡಿಕೊಡಿ ಅನ್ನುತ್ತಾರೆ. ಇಲ್ಲವೇ ಗ್ರೂಪ್ ಫೋಟೋದಲ್ಲಿ ಒಬ್ಬರು ಕಣ್ಣು ಮುಚ್ಚಿರುತ್ತಾರೆ, ಬೇರೆ ಕಡೆ ತೆಗೆದ ಮುಖ ತಂದು ಕೂರಿಸಬೇಕು. ಈ ಕೆಲಸ ಕಲಿಯುತ್ತಿರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಫೋಟೋಶಾಪ್ ಸ್ವಲ್ಪ ಗೊತ್ತಿದೆ ಎಂದುಕೊಂಡೇ ಬರೆದದ್ದು.

ಸೈಜ್ ಅಳೆದೇ ಕೂರಿಸಿದ್ದೇನೆ. ಆದರೂ ತಲೆ ಅಂಟಿಸಿದ ಹಾಗೆ ಕಾಣುತ್ತದಲ್ಲ, ಯಾಕೆ?

ಹತ್ತರಲ್ಲಿ ಎಂಟು ಸಲ ತಪ್ಪು ಸೈಜಿನದ್ದಲ್ಲ, ದೂರದ್ದು. ಮುಖ ಚಪ್ಪಟೆ ಹಾಳೆಯಲ್ಲ. ಮೂಗಿನ ತುದಿಯಿಂದ ಕಿವಿಯವರೆಗೆ ಹಿಂದಕ್ಕೆ ಸುಮಾರು 12-13 ಸೆಂಟಿಮೀಟರ್ ಆಳ ಇದೆ. ಕ್ಯಾಮೆರಾ ಮೂಗಿನಿಂದ 40 ಸೆಂ.ಮೀ. ದೂರದಲ್ಲಿದ್ದರೆ ಕಿವಿ 52 ಸೆಂ.ಮೀ. ದೂರದಲ್ಲಿದೆ. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು. ಹಾಗಾಗಿ ಮೂಗಿಗೆ ಹೋಲಿಸಿದರೆ ಕಿವಿ ಮುಕ್ಕಾಲು ಪಾಲಿಗೆ ಕುಗ್ಗುತ್ತದೆ. ಅದೇ ಮನುಷ್ಯನನ್ನು 3 ಮೀಟರ್ ದೂರದಿಂದ ತೆಗೆದರೆ ಮೂಗು 300, ಕಿವಿ 312. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಳತೆ.

ಅಂದರೆ ಒಬ್ಬನದೇ ತಲೆ ಹತ್ತಿರದಿಂದ ಒಂದು ಆಕಾರ, ದೂರದಿಂದ ಇನ್ನೊಂದು ಆಕಾರ. ಆಕಾರವೇ ಬೇರೆ ಆದಮೇಲೆ ಬರೀ ಹಿಗ್ಗಿಸಿ ಕುಗ್ಗಿಸಿ ಎಲ್ಲಿ ಹೊಂದಬೇಕು? ಕಣ್ಣಿಗೆ ಸರಿಹೋದರೆ ತಲೆ ಸಣ್ಣದಾಗುತ್ತದೆ. ತಲೆಗೆ ಸರಿ ಮಾಡಿದರೆ ಕಣ್ಣು, ಮೂಗು ದಪ್ಪ ಆಗುತ್ತವೆ. ಅದಕ್ಕೇ ನಾನು ಮೊದಲು ದೂರ ನೋಡುತ್ತೇನೆ, ಸೈಜಿಗೆ ಆಮೇಲೆ ಕೈ ಹಾಕುತ್ತೇನೆ.

ಅದು ಮೊಬೈಲ್ ಲೆನ್ಸಿನ ದೋಷ ಅಲ್ವಾ?

ಅಲ್ಲ. ಮೊಬೈಲಿನ ಲೆನ್ಸ್ ಅಗಲ ನೋಟದ್ದು, ಹಾಗಾಗಿ ಮುಖ ದೊಡ್ಡದಾಗಿ ಬರಲಿ ಎಂದು ನಾವೇ ಹತ್ತಿರ ಹೋಗುತ್ತೇವೆ. ಮೂಗು ಉಬ್ಬುವುದು ಆ ಹತ್ತಿರದಿಂದ. ಅದೇ ಮೊಬೈಲನ್ನು 3 ಮೀಟರ್ ದೂರ ಇಟ್ಟು ತೆಗೆದು, ಮುಖ ಮಾತ್ರ ಕ್ರಾಪ್ ಮಾಡಿ ನೋಡಿ. ಆಕಾರ ಸರಿಯಾಗಿಯೇ ಇರುತ್ತದೆ, ಕ್ಲಾರಿಟಿ ಮಾತ್ರ ಕಡಿಮೆ. ಫ್ರೇಮಿನ ಮೂಲೆಯಲ್ಲಿ ಮುಖ ಎಳೆದ ಹಾಗಾಗುವುದು ಬೇರೆ ವಿಷಯ. ಅಂಥ ಮೂಲೆಯ ಮುಖಗಳನ್ನು ನಾನು ಮುಟ್ಟುವುದೇ ಇಲ್ಲ.

2018ರಲ್ಲಿ ಅಮೆರಿಕದ ಕೆಲವು ವೈದ್ಯರು ಇದನ್ನು ಲೆಕ್ಕ ಹಾಕಿದ್ದರು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೋಗಿಂತ ಸುಮಾರು 30 ಶೇಕಡಾ ಅಗಲವಾಗಿ ಕಾಣುತ್ತದೆ ಎಂದು. ಸೆಲ್ಫಿ ನೋಡಿ ಮೂಗಿನ ಆಪರೇಷನ್ ಕೇಳಿಕೊಂಡು ಬರುವವರಿಗೆ ವಿವರಿಸಲು ಮಾಡಿದ ಲೆಕ್ಕ ಅದು. ನಮಗೂ ಉಪಯೋಗಕ್ಕೆ ಬಂತು.

ಎಷ್ಟು ದೂರದಿಂದ ತೆಗೆದಿದ್ದಾರೆ ಎಂದು ಫೋಟೋ ನೋಡಿ ಹೇಳಬಹುದಾ?

ಹೆಚ್ಚುಕಡಿಮೆ ಹೇಳಬಹುದು. ದೊಡ್ಡವರಲ್ಲಿ ಒಂದು ಪಾಪೆಯಿಂದ ಇನ್ನೊಂದು ಪಾಪೆಯ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್. ಮನುಷ್ಯರಿಂದ ಮನುಷ್ಯರಿಗೆ ಕೆಲವು ಮಿ.ಮೀ. ವ್ಯತ್ಯಾಸ ಇರುತ್ತದೆ, ನಮ್ಮ ಕೆಲಸಕ್ಕೆ ಪರವಾಗಿಲ್ಲ. ಫೈಲಿನ ಎಕ್ಸಿಫ್ ಮಾಹಿತಿಯಲ್ಲಿ 35 ಎಂ.ಎಂ. ಲೆಕ್ಕದ ಫೋಕಲ್ ಲೆಂಗ್ತ್ ಇರುತ್ತದೆ. ಅದನ್ನು ಬರೆದುಕೊಳ್ಳಿ. ಆಮೇಲೆ ಫೋಟೋಶಾಪಿನ Ruler Tool ಹಿಡಿದು ಎರಡು ಪಾಪೆಗಳ ನಡುವೆ ಎಷ್ಟು ಪಿಕ್ಸೆಲ್ ಎಂದು ಅಳೆಯಿರಿ.

```
F = f35 × D / 43.3
d = F × 63 / p
```

ಇಲ್ಲಿ f35 ಎಂದರೆ ಆ ಫೋಕಲ್ ಲೆಂಗ್ತ್. F ಎಂದರೆ ಅದೇ ಫೋಕಲ್ ಲೆಂಗ್ತ್, ಪಿಕ್ಸೆಲ್ ಲೆಕ್ಕದಲ್ಲಿ. D ಎಂದರೆ ಇಡೀ ಫೋಟೋದ ಮೂಲೆಯಿಂದ ಮೂಲೆಗೆ ಇರುವ ಪಿಕ್ಸೆಲ್. p ಎಂದರೆ ಕಣ್ಣುಗಳ ನಡುವಿನ ಪಿಕ್ಸೆಲ್. d ಎಂದರೆ ದೂರ, ಮಿಲಿಮೀಟರಿನಲ್ಲಿ. ಮುಖ ನೇರ ಇರಬೇಕು. ಪಕ್ಕಕ್ಕೆ 30 ಡಿಗ್ರಿ ತಿರುಗಿದ್ದರೆ ಕಣ್ಣಿನ ಅಂತರ 13 ಶೇಕಡಾ ಕಮ್ಮಿ ಬರುತ್ತದೆ, ದೂರ ಜಾಸ್ತಿ ಎಂದು ಲೆಕ್ಕ ತಪ್ಪುತ್ತದೆ.

ಇನ್ನೊಂದು ಎಚ್ಚರ. ಕ್ರಾಪ್ ಮಾಡಿದ ಫೋಟೋಗೆ ಈ ಲೆಕ್ಕ ನಡೆಯುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಎಕ್ಸಿಫ್ ಹೋಗಿರುತ್ತದೆ, ಸೈಜೂ ಕುಗ್ಗಿರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ.

ಹಳೆ ಪ್ರಿಂಟ್ ಆದರೆ?

ಕಿವಿ ನೋಡಿ. ನೇರ ಮುಖದಲ್ಲಿ ಎರಡೂ ಕಿವಿ ಚೆನ್ನಾಗಿ ಹೊರಗೆ ಕಂಡರೆ ದೂರದಿಂದ ತೆಗೆದದ್ದು. ಕೆನ್ನೆಯ ಹಿಂದೆ ಅಡಗಿ ಅಂಚು ಮಾತ್ರ ಕಂಡರೆ ಹತ್ತಿರದಿಂದ ತೆಗೆದದ್ದು. ಸ್ಟುಡಿಯೋದಲ್ಲಿ ತೆಗೆಸಿದ ಹಳೆಯ ಪಾಸ್‌ಪೋರ್ಟ್ ಸೈಜ್ ಫೋಟೋಗಳು ಸಾಮಾನ್ಯವಾಗಿ ಒಂದೂವರೆ ಮೀಟರಿಗಿಂತ ಹತ್ತಿರ ಇರುವುದಿಲ್ಲ. ಹಾಗಾಗಿ ಮೊಬೈಲ್ ಫೋಟೋಗಿಂತ ಮಸುಕಾದ ಆ ಹಳೆ ಫೋಟೋವೇ ಎಷ್ಟೋ ಸಲ ನಮ್ಮ ಕೆಲಸಕ್ಕೆ ಚೆನ್ನ.

ಒಂದು ಫೋಟೋ ಇಟ್ಟುಕೊಂಡು ಪೂರ್ತಿ ತೋರಿಸಿ.

ಮೇಲೆ ಹೇಳಿದ ಅಜ್ಜನದೇ ತೆಗೆದುಕೊಳ್ಳೋಣ. ಮೊಬೈಲ್ ಫೋಟೋ 4000 × 3000. ಮೂಲೆಯಿಂದ ಮೂಲೆಗೆ 5000 ಪಿಕ್ಸೆಲ್. f35 26. ಕಣ್ಣುಗಳ ನಡುವೆ 350 ಪಿಕ್ಸೆಲ್. ಲೆಕ್ಕ ಹಾಕಿದರೆ F ಸುಮಾರು 3000, ದೂರ 54 ಸೆಂ.ಮೀ. ಮೊಮ್ಮಗ ಮೊಳದ ದೂರದಲ್ಲಿ ನಿಂತು ತೆಗೆದಿದ್ದಾನೆ.

ಮೈಗೆ ಅಜ್ಜನ ಮಗನನ್ನೇ ಪಂಚೆ, ಶಲ್ಯದಲ್ಲಿ ಕೂರಿಸಿ ತೆಗೆದೆವು. ಮೈಕಟ್ಟು ಅಪ್ಪನದೇ. ಫೋಟೋ 6000 × 4000, f35 52, ಕಣ್ಣುಗಳ ನಡುವೆ 160 ಪಿಕ್ಸೆಲ್. ದೂರ 3.4 ಮೀಟರ್ ಬಂತು.

ಈಗ ಸುಮ್ನೆ ಕಣ್ಣಿಗೆ ಕಣ್ಣು ಸೇರಿಸಿದರೆ 160 ಭಾಗಿಸು 350, ಅಂದರೆ 46 ಶೇಕಡಾಕ್ಕೆ ಕುಗ್ಗಿಸಬೇಕು. ಕುಗ್ಗಿಸಿದೆ. ಕಣ್ಣು ಕೂತವು. ಆದರೆ ತಲೆಯ ಅಗಲ 325 ಪಿಕ್ಸೆಲ್ ಬಂತು. 3.4 ಮೀಟರ್ ದೂರದ ತಲೆಗೆ ಸುಮಾರು 370 ಇರಬೇಕಿತ್ತು. ಕಿವಿಯ ಜಾಗ ಕಣ್ಣಿಗಿಂತ 9-10 ಸೆಂ.ಮೀ. ಹಿಂದಿದೆ ಅಲ್ವಾ, ಹತ್ತಿರದ ಫೋಟೋದಲ್ಲಿ ಅದು ಆಗಲೇ ಕುಗ್ಗಿತ್ತು. ಅಗಲವಾದ ಹೆಗಲ ಮೇಲೆ ತೆಂಗಿನಕಾಯಿ ಇಟ್ಟ ಹಾಗೆ ಕಾಣುವುದು ಈ 12-13 ಶೇಕಡಾ ಕೊರತೆಯಿಂದ.

ನಾನು ಮಾಡುವುದು ನಡುದಾರಿ. 46ರ ಬದಲು 49 ಶೇಕಡಾಕ್ಕೆ ನಿಲ್ಲಿಸುತ್ತೇನೆ. ಆಗ ಕಣ್ಣಿನ ಅಂತರ 171, ಬೇಕಾದ್ದಕ್ಕಿಂತ 7 ಶೇಕಡಾ ಜಾಸ್ತಿ. ತಲೆಯ ಅಗಲ 347, ಬೇಕಾದ್ದಕ್ಕಿಂತ 6 ಶೇಕಡಾ ಕಮ್ಮಿ. ತಪ್ಪನ್ನು ಎರಡು ಪಾಲು ಮಾಡಿದ ಹಾಗಾಯಿತು. ಆಮೇಲೆ Liquify. ಬ್ರಷ್ ಮುಖದಷ್ಟೇ ದೊಡ್ಡದು ಮಾಡಿ, Pucker Tool ಹಿಡಿದು ಮೂಗಿನ ಮೇಲೆ ಮೆಲ್ಲಗೆ ಒತ್ತುತ್ತೇನೆ. ಮೂಗು, ತುಟಿ, ಕಣ್ಣು ಒಟ್ಟಿಗೆ ಒಳಗೆ ಸೇರುತ್ತವೆ. ನಂತರ Forward Warp Tool ಹಿಡಿದು ಕಿವಿ, ದವಡೆಯ ಹಿಂಭಾಗ, ನೆತ್ತಿ ಇವನ್ನು ಹೊರಕ್ಕೆ ಎಳೆಯುತ್ತೇನೆ. ಕಣ್ಣುಗಳ ನಡುವೆ 160, ತಲೆಯ ಅಗಲ 370ರ ಹತ್ತಿರ ಬಂದಾಗ ಕೈ ತೆಗೆಯುತ್ತೇನೆ. ಎರಡೂ ಕಡೆ ಎಳೆತ ಸಣ್ಣದಾದ್ದರಿಂದ ಚರ್ಮದ ಸುಕ್ಕು, ಕೂದಲು ಹಿಗ್ಗಿದ ಹಾಗೆ ಕಾಣುವುದಿಲ್ಲ. ಲೇಯರನ್ನು ಮೊದಲೇ Convert to Smart Object ಮಾಡಿಕೊಂಡಿದ್ದರೆ ನಾಳೆ ಮತ್ತೆ ತಿದ್ದಬಹುದು.

ಒಂದು ಮಿತಿ ಇದೆ. ಹತ್ತಿರದ ಫೋಟೋದಲ್ಲಿ ಕೆನ್ನೆಯ ಹಿಂದೆ ಅಡಗಿದ ಕಿವಿ ಎಳೆದರೆ ಹುಟ್ಟುವುದಿಲ್ಲ. ಅಜ್ಜನ ಬೇರೆ ಯಾವುದಾದರೂ ಫೋಟೋದಿಂದ ಕಿವಿ ತರಬೇಕು. ಮನೆಯವರು ಕಿವಿಯನ್ನು ಗುರುತಿಸುತ್ತಾರೆ, ನಾವು ನಂಬುವುದಿಲ್ಲ ಅಷ್ಟೇ.

ಗದ್ದದಿಂದ ನೆತ್ತಿಗೆ ಅಳೆದರೆ ಸಾಲದಾ?

ನೆತ್ತಿ ಮೋಸ ಮಾಡುತ್ತದೆ. ಕೂದಲು, ಪೇಟ, ಟೋಪಿ, ಮುಡಿದ ಹೂವು ಎಲ್ಲ ಅಲ್ಲೇ ಇವೆ. ಕಣ್ಣಿನ ಗೆರೆಯಿಂದ ಗದ್ದದ ತುದಿಗೆ ಅಳೆಯಿರಿ, ದೊಡ್ಡವರಲ್ಲಿ ಅದು ತಲೆಯ ಎತ್ತರದ ಸುಮಾರು ಅರ್ಧ. ಮುಖ ಪಕ್ಕಕ್ಕೆ ತಿರುಗಿದ್ದರೆ ಈ ಉದ್ದದ ಅಳತೆ ಒಳ್ಳೆಯದು. ಮುಖ ಮೇಲೆ ಕೆಳಗೆ ಬಾಗಿದ್ದರೆ ಕಣ್ಣಿನ ಅಂತರ ಒಳ್ಳೆಯದು.

ಗ್ರೂಪ್ ಫೋಟೋದಲ್ಲಿ ಯಾರ ತಲೆಗೆ ಹೋಲಿಸಿ ಸೈಜ್ ಇಡಬೇಕು?

ಅದೇ ಸಾಲಿನ ಪಕ್ಕದವರಿಗೆ. ಮುಂದೆ ಕೂತವರು ಕ್ಯಾಮೆರಾದಿಂದ 3 ಮೀಟರ್, ಹಿಂದೆ ನಿಂತವರು 4.2 ಮೀಟರ್ ಇದ್ದರೆ ಹಿಂದಿನವರ ತಲೆ ಮುಂದಿನವರ ತಲೆಯ 71 ಶೇಕಡಾ ಮಾತ್ರ. ಒಮ್ಮೆ ಮದುವೆಯ ಗ್ರೂಪಿನಲ್ಲಿ ಹಿಂದಿನ ಸಾಲಿನ ಮಾವನಿಗೆ ಮುಂದೆ ಕೂತ ಅತ್ತೆಯ ಅಳತೆಯಲ್ಲಿ ತಲೆ ಇಟ್ಟುಬಿಟ್ಟಿದ್ದೆ. ಪ್ರಿಂಟ್ ಆಗಿ ಬಂದ ಮೇಲೆ ಆ ಮನೆಯ ಮಗುವೇ ಮೊದಲು ನಕ್ಕಿದ್ದು.

ಮಕ್ಕಳ ವಿಷಯದಲ್ಲಿ ಇನ್ನೊಂದು. ಐದು ವರ್ಷದ ಮಗುವಿನ ತಲೆ ದೊಡ್ಡವರ ತಲೆಗಿಂತ ಸ್ವಲ್ಪವೇ ಸಣ್ಣದು. ಮೈ ಸಣ್ಣದು ಎಂದು ತಲೆಯನ್ನೂ ಅಷ್ಟೇ ಕುಗ್ಗಿಸಿದರೆ ಗೊಂಬೆ ಆಗುತ್ತದೆ.

ತಲೆಗೂ ಮೈಗೂ ಇಂತಿಷ್ಟೇ ಅಂತ ಲೆಕ್ಕ ಇದೆಯಾ?

ಚಿತ್ರ ಕಲಿಸುವವರು ನಿಂತ ದೊಡ್ಡವರಿಗೆ ಏಳೂವರೆ ತಲೆ, ಹುಟ್ಟಿದ ಮಗುವಿಗೆ ನಾಲ್ಕು ತಲೆ ಎನ್ನುತ್ತಾರೆ. ನಮ್ಮ ಶಿಲ್ಪಿಗಳ ತಾಳದ ಲೆಕ್ಕ ಬೇರೆ. ಅಲ್ಲಿ ಒಂದು ತಾಳ ಎಂದರೆ ಇಡೀ ತಲೆಯಲ್ಲ, ಮುಖದ ಉದ್ದ, 12 ಅಂಗುಲ. ನವತಾಳ ಎಂದರೆ 108 ಅಂಗುಲದ ಮೂರ್ತಿ. ಎರಡನ್ನೂ ಕಲಸಬೇಡಿ.

ಫೋಟೋಗೆ ಹೆಚ್ಚು ಉಪಯೋಗವಾಗುವುದು ಹೆಗಲಿನ ಲೆಕ್ಕ. ನೇರ ಕೂತವರ ಹೆಗಲಿನ ಅಗಲ ತಲೆಯ ಎತ್ತರದ ಸುಮಾರು ಎರಡರಷ್ಟು, ಗಂಡಸರಲ್ಲಿ ಸ್ವಲ್ಪ ಜಾಸ್ತಿ. ಮೈ ಓರೆಯಾಗಿದ್ದರೆ ಇದು ಕೆಡುತ್ತದೆ. ಕೋಟಿನ ಹೆಗಲಿಗೆ ಪ್ಯಾಡ್ ಇದ್ದರೂ ಕೆಡುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿ ಕೋಟು ಸೂಟಿನ ಮೈಗಳಲ್ಲಿ ಹೆಗಲು ಬೇಕಂತಲೇ ಅಗಲ ಇರುತ್ತದೆ. ಅದಕ್ಕೆ ಯಾರ ತಲೆ ಇಟ್ಟರೂ ಸಣ್ಣದೇ.

ಕತ್ತಿನ ಕೋನ ಹೇಗೆ ಹೊಂದಿಸುವುದು? ರೊಟೇಟ್ ಮಾಡಿದರೆ ಆಗುವುದಿಲ್ಲವಾ?

ತಲೆಗೆ ಮೂರು ಚಲನೆ ಇವೆ. ಹೆಗಲ ಕಡೆ ವಾಲುವುದು, ಎಡಬಲ ತಿರುಗುವುದು, ಮೇಲೆ ಕೆಳಗೆ ಬಾಗುವುದು. ರೊಟೇಟ್ ಮಾಡಿ ತಿದ್ದಲು ಆಗುವುದು ಮೊದಲನೆಯದು ಮಾತ್ರ.

ವಾಲಿದ್ದನ್ನು ತಿದ್ದುವಾಗ ತಲೆ ತಿರುಗುವ ಕೀಲು ಎಲ್ಲಿದೆ ಎಂದು ನೆನಪಿರಲಿ. ಅದು ಎರಡು ಕಿವಿಗಳ ಕೆಳಗೆ, ನಡುವಿನಲ್ಲಿ ಇದೆ. Ctrl+T ಒತ್ತಿದ ಮೇಲೆ ತಿರುಗುವ ಬಿಂದುವನ್ನು ಅಲ್ಲಿಗೆ ತರಬೇಕು. ಹೊಸ ಆವೃತ್ತಿಗಳಲ್ಲಿ ಆ ಬಿಂದು ಕಾಣದಿದ್ದರೆ Alt ಹಿಡಿದು ಬೇಕಾದ ಜಾಗದಲ್ಲಿ ಕ್ಲಿಕ್ ಮಾಡಿ. ಬಿಂದು ಮುಖದ ನಡುವೆಯೇ ಉಳಿದರೆ ಗದ್ದ ಒಂದು ಕಡೆ ಜಾರಿ ಕತ್ತು ಮುರಿದ ಹಾಗೆ ಕಾಣುತ್ತದೆ. ನನ್ನ ಅನುಭವದಲ್ಲಿ 5-6 ಡಿಗ್ರಿ ದಾಟಿದರೆ ಕತ್ತನ್ನೂ ಮತ್ತೆ ಕಟ್ಟಬೇಕು, ವಾಲಿದ ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ.

ಎಡಬಲ ತಿರುಗಿದ್ದಕ್ಕೆ ಸ್ವಲ್ಪ ರಿಯಾಯಿತಿ ಇದೆ. ಮೈ ಒಂದು ಕಡೆ, ಮುಖ ಇನ್ನೊಂದು ಕಡೆ ಇರುವುದು ಸಹಜ. ಆದರೆ ಕತ್ತು ಅದಕ್ಕೆ ಸಾಕ್ಷಿ ಹೇಳಬೇಕು. ಮುಖ ಎಡಕ್ಕೆ ತಿರುಗಿದರೆ ಬಲಗಿವಿಯ ಹಿಂದಿನಿಂದ ಗಂಟಲ ಗುಳಿಗೆ ಬರುವ ಸ್ನಾಯು ಎದ್ದು ಕಾಣುತ್ತದೆ. ನೇರ ಕತ್ತಿನ ಮೇಲೆ ತಿರುಗಿದ ಮುಖ ಇಟ್ಟರೆ ಅದು ಇರುವುದಿಲ್ಲ. ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಎಂದು ಹೇಳಲು ಬರುವುದಿಲ್ಲ.

ಕಷ್ಟದ್ದು ಮೂರನೆಯದು. ಇಲ್ಲಿ ಕ್ಯಾಮೆರಾದ ಎತ್ತರವೂ ಸೇರಿಕೊಳ್ಳುತ್ತದೆ. ಮುಖ ನೇರ ಇದ್ದರೆ ಕಿವಿಯ ಮೇಲ್ತುದಿ ಹುಬ್ಬಿನ ಮಟ್ಟಕ್ಕೆ, ಕೆಳತುದಿ ಮೂಗಿನ ಬುಡದ ಮಟ್ಟಕ್ಕೆ ಇರುತ್ತದೆ. ಮೇಲಿನಿಂದ ತೆಗೆದಿದ್ದರೆ ಕಿವಿ ಹುಬ್ಬಿಗಿಂತ ಮೇಲೆ ಹೋಗುತ್ತದೆ, ಗದ್ದ ಸಣ್ಣದಾಗುತ್ತದೆ. ಕೆಳಗಿನಿಂದ ತೆಗೆದಿದ್ದರೆ ಕಿವಿ ಇಳಿಯುತ್ತದೆ, ಮೂಗಿನ ಹೊಳ್ಳೆ ಕಾಣುತ್ತದೆ. ಮೈಯ ಕಡೆ ಇದನ್ನು ಹೇಳುವುದು ಕಾಲರ್. ಮೇಲಿನಿಂದ ನೋಡಿದರೆ ಕಾಲರಿನ ಉಂಗುರ ತೆರೆದು ಹಿಂಭಾಗದ ಒಳಬದಿ ಕಾಣುತ್ತದೆ. ಮಟ್ಟದಿಂದ ನೋಡಿದರೆ ಅದು ಬರೀ ಗೆರೆ. ಕಿವಿ ಒಂದು ಕಥೆ, ಕಾಲರ್ ಇನ್ನೊಂದು ಕಥೆ ಹೇಳಿದರೆ ಆ ಜೋಡಿ ಬಿಟ್ಟುಬಿಡಿ. ಯಾವ ಟೂಲೂ ಇದನ್ನು ಸರಿಯಾಗಿ ತಿದ್ದುವುದಿಲ್ಲ.

ಮೊಬೈಲನ್ನು ಸ್ವಲ್ಪವೇ ಮೇಲೆ ಹಿಡಿದಿದ್ದರು. ಅಷ್ಟಕ್ಕೇ ಇಷ್ಟು ವ್ಯತ್ಯಾಸವಾ?

ಹತ್ತಿರದಿಂದ ಅಷ್ಟೇ ಸಾಕು. 54 ಸೆಂ.ಮೀ. ದೂರದಲ್ಲಿ ಕಣ್ಣಿಗಿಂತ 15 ಸೆಂ.ಮೀ. ಮೇಲೆ ಹಿಡಿದರೆ ಸುಮಾರು 15 ಡಿಗ್ರಿ ಮೇಲಿನಿಂದ ನೋಡಿದ ಹಾಗೆ. ಅದೇ ಕೋನ 3.4 ಮೀಟರ್ ದೂರದಲ್ಲಿ ಬರಬೇಕಾದರೆ ಕ್ಯಾಮೆರಾ ಕಣ್ಣಿಗಿಂತ 90 ಸೆಂ.ಮೀ.ಗೂ ಹೆಚ್ಚು ಮೇಲಿರಬೇಕು. ನಾವಾದರೆ ಸ್ಟೂಲ್ ಹತ್ತಬೇಕು.

ಎಲ್ಲಿ ಕತ್ತರಿಸಬೇಕು? ಕತ್ತು ತಲೆಯ ಜೊತೆ ಬರಲಾ, ಮೈಯ ಜೊತೆ ಇರಲಾ?

ತಲೆ ಹತ್ತಿರದ ಫೋಟೋದ್ದಾದರೆ ಕತ್ತು ಮೈಯದೇ ಇರಲಿ. ಹತ್ತಿರದ ಫೋಟೋದಲ್ಲಿ ಕತ್ತು ಹಿಂದೆ ಉಳಿದು ತೆಳ್ಳಗಾಗಿರುತ್ತದೆ. ದವಡೆಯ ಕೆಳಗಿನ ನೆರಳಿನಲ್ಲಿ ಕತ್ತರಿಸಿ, ಅಲ್ಲಿ ಗೆರೆ ಮುಚ್ಚುವುದು ಸುಲಭ. ಬಣ್ಣ ಹೊಂದದಿದ್ದರೆ ಕತ್ತಿನ ಬಣ್ಣ ತಿದ್ದಿ, ಮುಖ ಮುಟ್ಟಬೇಡಿ.

ಕತ್ತಿನ ಉದ್ದದಲ್ಲಿ ವಯಸ್ಸು ನೋಡಿ. ನೆಟ್ಟಗೆ ಕೂತ ದೊಡ್ಡವರಲ್ಲಿ ಗದ್ದದಿಂದ ಗಂಟಲ ಗುಳಿಗೆ ತಲೆಯ ಮೂರನೇ ಒಂದು ಪಾಲು ಅಂತರ ಇರುತ್ತದೆ. ವಯಸ್ಸಾದವರ ಬೆನ್ನು ಬಾಗಿ ತಲೆ ಮುಂದಕ್ಕೆ ಬಂದಿರುತ್ತದೆ. ಎದುರಿನಿಂದ ನೋಡಿದರೆ ಗದ್ದ ಗುಳಿಯ ಹತ್ತಿರಕ್ಕೇ ಇಳಿದಿರುತ್ತದೆ. ಅಜ್ಜನ ತಲೆಯನ್ನು ಮಗನ ನೆಟ್ಟನೆ ಕತ್ತಿನ ತುದಿಯಲ್ಲಿ ಇಟ್ಟಾಗ ಯಾರೋ ಅಪರಿಚಿತರ ಹಾಗೆ ಕಂಡರು. ತಲೆಯನ್ನು ಒಂದೂವರೆ ಬೆರಳಿನಷ್ಟು ಕೆಳಗಿಳಿಸಿ, ಹೆಗಲನ್ನು Puppet Warp ಹಿಡಿದು ಸ್ವಲ್ಪ ಮುಂದಕ್ಕೆ ಜಗ್ಗಿ, ಶಲ್ಯ ಮೇಲಕ್ಕೆ ತಂದೆ. ಆಗ ಮನೆಯವರು “ಹಾಂ, ಇವರೇ” ಅಂದರು.

ಬೆಳಕು ಉಲ್ಟಾ ಇದ್ದರೆ ತಲೆಯನ್ನು ಫ್ಲಿಪ್ ಮಾಡಬಹುದಾ?

ಬೇಡ. ಮಚ್ಚೆ, ಬೈತಲೆ, ಮೂಗುತಿ ಎಲ್ಲ ಪಕ್ಕ ಬದಲಾಯಿಸುತ್ತವೆ. ಅಮೆರಿಕದ ಲಿಂಕನ್ ತಲೆಯನ್ನು ಕಾಲ್ಹೌನ್ ಎಂಬ ರಾಜಕಾರಣಿಯ ಮೈ ಮೇಲೆ ಕೂರಿಸಿದ 19ನೇ ಶತಮಾನದ ಒಂದು ಚಿತ್ರ ಪ್ರಸಿದ್ಧ. ಅದು ಸಿಕ್ಕಿಬಿದ್ದದ್ದೇ ಲಿಂಕನ್ನರ ಮಚ್ಚೆ ಇನ್ನೊಂದು ಕೆನ್ನೆಗೆ ಹೋಗಿದ್ದರಿಂದ ಎನ್ನುತ್ತಾರೆ. ಫ್ಲಿಪ್ ಮಾಡಲೇಬೇಕಾದರೆ ಮೈಯನ್ನು ಮಾಡಿ. ಅಲ್ಲೂ ಸೆರಗು, ಅಂಗಿಯ ಗುಂಡಿ, ಜೇಬು ನೋಡಿಕೊಳ್ಳಿ.

ಎಷ್ಟು ದೂರದ ವ್ಯತ್ಯಾಸ ಇದ್ದರೂ ನಡೆಯುತ್ತದೆ?

ಎರಡೂ ಫೋಟೋ 2 ಮೀಟರಿಗಿಂತ ದೂರದವಾದರೆ ಚಿಂತೆ ಬೇಡ. 3 ಮೀಟರಿಗೂ 5 ಮೀಟರಿಗೂ ಮೂಗು ಕಿವಿಯ ಲೆಕ್ಕದಲ್ಲಿ ಒಂದೂವರೆ ಶೇಕಡಾ ವ್ಯತ್ಯಾಸ, ಯಾರಿಗೂ ಕಾಣುವುದಿಲ್ಲ. ಒಂದು ಮೀಟರಿಗಿಂತ ಹತ್ತಿರದ್ದನ್ನು ದೂರದ್ದಕ್ಕೆ ಸೇರಿಸುವಾಗ Liquify ಕೆಲಸ ಇದ್ದೇ ಇದೆ. 35 ಸೆಂ.ಮೀ.ಗಿಂತ ಹತ್ತಿರದ ಸೆಲ್ಫಿಯಾದರೆ ನಾನು ಬೇರೆ ಫೋಟೋ ಹುಡುಕಿ ಎನ್ನುತ್ತೇನೆ.

ಸರಿ ಕೂತಿದೆ ಎಂದು ಹೇಗೆ ಪರೀಕ್ಷಿಸುವುದು?

ಝೂಮ್ ಕಡಿಮೆ ಮಾಡಿ, ಇಡೀ ಫೋಟೋ ಸ್ಕ್ರೀನಿನಲ್ಲಿ ಬೆಂಕಿಪೊಟ್ಟಣದಷ್ಟು ಆಗಲಿ. ತಲೆ ಮೊದಲು ಕಣ್ಣಿಗೆ ಬಿದ್ದರೆ ಅಳತೆ ತಪ್ಪಿದೆ. ಆಮೇಲೆ ಕ್ಯಾನ್ವಾಸ್ ಪೂರ್ತಿ ಫ್ಲಿಪ್ ಮಾಡಿ ನೋಡಿ, ಕಣ್ಣು ಒಗ್ಗಿಹೋಗಿದ್ದ ವಾಲಿಕೆ ಆಗ ಕಾಣುತ್ತದೆ. ನೋಡಿ ವಾಪಸ್ ಮಾಡುವುದು ಮರೆಯಬೇಡಿ. ನಾನು ಒಮ್ಮೆ ಮರೆತು ಹಾಗೇ ಪ್ರಿಂಟಿಗೆ ಕಳಿಸಿದ್ದೇನೆ.

ಯಾರ ತಲೆ ಕೊಟ್ಟರೂ ಕೂರಿಸಿಕೊಡುತ್ತೀರಾ?

ಇಲ್ಲ. ಬದುಕಿರುವವರದಾದರೆ ಅವರೇ ಒಪ್ಪಬೇಕು. ತೀರಿಕೊಂಡವರದಾದರೆ ಮನೆಯವರು ಬರಬೇಕು.

ಇಷ್ಟೆಲ್ಲ ಕಷ್ಟ ಪಡದೆ ಸುಲಭದ ದಾರಿ ಇಲ್ಲವಾ?

ಇದೆ. ತಲೆಯ ಫೋಟೋ ಬದಲಾಗುವುದಿಲ್ಲ, ಮೈಯ ಫೋಟೋವನ್ನು ನಾವೇ ತೆಗೆಯಬಹುದಲ್ಲ. ಗೋಡೆಯ ಫ್ರೇಮಿಗೆ ಎದೆಯವರೆಗೆ ಸಾಕು ಎಂದು ಮನೆಯವರು ಒಪ್ಪಿದರೆ, ಅದೇ ಮೈಕಟ್ಟಿನವರನ್ನು ಕೂರಿಸಿ, ಮೊಬೈಲಿನಲ್ಲಿಯೇ, ಅದೇ 54 ಸೆಂ.ಮೀ. ದೂರದಿಂದ, ಅದೇ 15 ಸೆಂ.ಮೀ. ಮೇಲಿನಿಂದ ತೆಗೆಯುತ್ತೇನೆ. ದೂರಕ್ಕೆ ಟೇಪ್ ಹಿಡಿದು ಅಳೆಯುತ್ತೇವೆ. ಬೆಳಕು ಯಾವ ಕಡೆಯಿಂದ ಬಂದಿದೆ ಎಂದು ಅಜ್ಜನ ಮೂಗಿನ ನೆರಳು ನೋಡಿ ಕಿಟಕಿ ಆರಿಸುತ್ತೇವೆ. ಹೀಗೆ ತೆಗೆದ ಮೈಗೆ ತಲೆ ಕೂರಿಸಲು Liquify ಬೇಕಾಗುವುದಿಲ್ಲ, ಅರ್ಧ ಗಂಟೆಯ ಕೆಲಸ. ಮೊಣಕಾಲಿನವರೆಗೆ ಬೇಕು, ಕುರ್ಚಿ ಕಾಣಬೇಕು ಎಂದರೆ ಮಾತ್ರ ಮೇಲಿನ ಉದ್ದದ ದಾರಿ. ಅಷ್ಟು ಹತ್ತಿರದಿಂದ ಇಡೀ ಮೈ ತೆಗೆದರೆ ಕಾಲು ಇರುವೆಯಷ್ಟು ಆಗುತ್ತದೆ.